ನಾಳೆ ವೈವಾ: ಆಲ್ಫಾ, ಬೀಟಾ, ಮಸ್ಕರಿನಿಕ್

(ರಾಯಚೂರು. ವೈದ್ಯಕೀಯ ವಿದ್ಯಾರ್ಥಿನಿಯರ ಹಾಸ್ಟೆಲ್, ರಾತ್ರಿ ಊಟದ ನಂತರ. ನಾಗವೇಣಿಗೆ ಬೆಳಿಗ್ಗೆ ಫಾರ್ಮಕಾಲಜಿ ವೈವಾ ಇದೆ. ಅಂಬಿಕಾ ಅಂತಿಮ ವರ್ಷದವಳು.)

ನಾಗವೇಣಿ: ಅಕ್ಕಾ, ಈ ರಿಸೆಪ್ಟರ್‌ಗಳ ಕೋಷ್ಟಕವನ್ನು ಬೆಳಿಗ್ಗೆಯಿಂದ ಉರು ಹೊಡೆಯುತ್ತಿದ್ದೇನೆ. ಪುಸ್ತಕ ಮುಚ್ಚಿದ ಕೂಡಲೇ ಎಲ್ಲವೂ ಕಲಸಿಹೋಗುತ್ತದೆ.

ಅಂಬಿಕಾ: ಕೋಷ್ಟಕವನ್ನು ಪಕ್ಕಕ್ಕಿಡು. ಬಾಯಿಪಾಠ ಬೇಕಾಗಿರುವುದು ಒಂದೇ ಸಾಲು: ಕ್ಯೂ, ಐ, ಎಸ್, ಎಸ್, ಕ್ಯೂ, ಐ, ಕ್ಯೂ. ಈಗ ಬೆರಳು ಮಡಚುತ್ತಾ ಹೇಳು. ಆಲ್ಫಾ-1, ಆಲ್ಫಾ-2, ಬೀಟಾ-1, ಬೀಟಾ-2. ಆಮೇಲೆ ಮಸ್ಕರಿನಿಕ್ ಎಂ-1, ಎಂ-2, ಎಂ-3. ಯಾವ ರಿಸೆಪ್ಟರ್‌ಗೆ ಯಾವ ಜಿ-ಪ್ರೋಟೀನ್ ಎಂಬುದು ಮುಗಿಯಿತು. ಜಿ-ಕ್ಯೂ ಕ್ಯಾಲ್ಸಿಯಂ ಏರಿಸುತ್ತದೆ, ಜಿ-ಎಸ್ ಸೈಕ್ಲಿಕ್ ಎಎಂಪಿ ಏರಿಸುತ್ತದೆ, ಜಿ-ಐ ಅದನ್ನು ಇಳಿಸುತ್ತದೆ.

ನಾಗವೇಣಿ: ಹಾಗಾದರೆ ಬೀಟಾ-1, ಬೀಟಾ-2 ಎರಡೂ ಮಾಡುವ ಕೆಲಸ ಒಂದೇ ತಾನೇ? ಹೃದಯ ಬಿರುಸಾಗಿ ಬಡಿಯುತ್ತದೆ, ಶ್ವಾಸನಾಳ ಮಾತ್ರ ಸಡಿಲವಾಗುತ್ತದೆ. ಏಕೆ?

ಅಂಬಿಕಾ: ಇದನ್ನು ತಿಳಿದುಕೊಂಡರೆ ಅರ್ಧ ವೈವಾ ಗೆದ್ದಂತೆ. ಸೈಕ್ಲಿಕ್ ಎಎಂಪಿ ಒಂದೇ, ಅದು ಎಬ್ಬಿಸುವ ಪ್ರೋಟೀನ್ ಕೈನೇಸ್-ಎ ಕೂಡ ಒಂದೇ. ಹೃದಯದ ಸ್ನಾಯುವಿನಲ್ಲಿ ಆ ಕೈನೇಸ್ ಕ್ಯಾಲ್ಸಿಯಂ ವಾಹಿನಿಗಳು ಹೆಚ್ಚು ತೆರೆಯುವಂತೆ ಮಾಡುತ್ತದೆ, ಬಡಿತಕ್ಕೆ ಬಲ ಬರುತ್ತದೆ. ಶ್ವಾಸನಾಳದ ನಯ ಸ್ನಾಯುವಿನಲ್ಲಿ ಅದೇ ಕೈನೇಸ್ ಮಯೋಸಿನ್ ಲೈಟ್ ಚೈನ್ ಕೈನೇಸನ್ನು ತಡೆಯುತ್ತದೆ, ಸಂಕೋಚನವೇ ತಗ್ಗುತ್ತದೆ. ಆದ್ದರಿಂದ ರಿಸೆಪ್ಟರ್ ಹೆಸರು ಕೇಳಿದ ತಕ್ಷಣ ‘ಯಾವ ಅಂಗದಲ್ಲಿ’ ಎಂದು ನಿನ್ನನ್ನೇ ಕೇಳಿಕೋ. ಹೃದಯ ಒಂದು, ಬೀಟಾ-1. ಶ್ವಾಸಕೋಶ ಎರಡು, ಬೀಟಾ-2.

ನಾಗವೇಣಿ: ಡೊಬ್ಯುಟಮಿನ್ ಹೃದಯಕ್ಕೆ, ಸಾಲ್ಬುಟಮಾಲ್ ಶ್ವಾಸಕೋಶಕ್ಕೆ. ಪ್ರೊಪ್ರನೊಲಾಲ್ ಎರಡನ್ನೂ ತಡೆಯುತ್ತದೆ, ಆದ್ದರಿಂದ ಅಸ್ತಮಾ ಇದ್ದವರಿಗೆ ಕೊಡಬಾರದು. ಸಾಲ್ಬುಟಮಾಲ್ ತೆಗೆದುಕೊಂಡವರ ಕೈ ನಡುಗುವುದು?

ಅಂಬಿಕಾ: ಅಸ್ಥಿ ಸ್ನಾಯುವಿನ ಬೀಟಾ-2. ರಕ್ತದ ಪೊಟ್ಯಾಸಿಯಂ ಇಳಿಯುವುದಕ್ಕೂ ಅದೇ ಕಾರಣ. ಆಲ್ಫಾ-1ಕ್ಕೆ ಒಂದೇ ಮಾತು ಸಾಕು, ರಕ್ತನಾಳ ಬಿಗಿಯುತ್ತದೆ. ತಡೆಯುವುದು ಪ್ರಾಜೊಸಿನ್, ಮೊದಲ ಡೋಸಿಗೇ ಬಿಪಿ ಕುಸಿದು ತಲೆ ಸುತ್ತಬಹುದು, ಆದ್ದರಿಂದ ಮಲಗುವ ಹೊತ್ತಿಗೆ ಕೊಡುತ್ತಾರೆ.

ನಾಗವೇಣಿ: ಮಸ್ಕರಿನಿಕ್ ಅನ್ನು ಹೇಗೆ ಕಟ್ಟಿಕೊಳ್ಳಲಿ?

ಅಂಬಿಕಾ: ಅದಕ್ಕೆ ಪಟ್ಟಿ ಬೇಡ, ಒಬ್ಬ ರೋಗಿ ಸಾಕು. ನಮ್ಮ ಕಡೆ ಹತ್ತಿ ಹೊಲಕ್ಕೆ ಎಣ್ಣೆ ಹೊಡೆಯುತ್ತಾರಲ್ಲ, ಅಂಥ ಆರ್ಗನೊಫಾಸ್ಫೇಟ್ ವಿಷ ಮೈ ಸೇರಿದ ರೈತನನ್ನು ನೆನೆದುಕೋ. ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವ ನಿಂತಿದೆ. ತಲೆಯಿಂದ ಕೆಳಗೆ ನೋಡುತ್ತಾ ಬಾ.

ನಾಗವೇಣಿ: ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಬಾಯಲ್ಲಿ ಜೊಲ್ಲು, ಎದೆ ತುಂಬ ಕಫ. ಎಲ್ಲವೂ ಎಂ-3. ನಾಡಿ ನಿಧಾನ, ಅದು ಎಂ-2. ಬೆವರು... ಬೆವರು ಸಿಂಪಥೆಟಿಕ್ ಅಲ್ಲವೇ ಅಕ್ಕಾ?

ಅಂಬಿಕಾ: ನರ ಸಿಂಪಥೆಟಿಕ್, ರಿಸೆಪ್ಟರ್ ಮಾತ್ರ ಎಂ-3. ಪರೀಕ್ಷಕರಿಗೆ ಇಷ್ಟವಾದ ಪ್ರಶ್ನೆ ಇದು. ಈಗ ಅಟ್ರೊಪಿನ್ ಕೊಟ್ಟೆವು. ಏನೇನು ಸರಿಹೋಗುತ್ತದೆ?

ನಾಗವೇಣಿ: ನೀನು ಹೇಳಿಸಿದ್ದೆಲ್ಲವೂ. ಆದರೆ ಸ್ನಾಯುಗಳ ಅದುರುವಿಕೆ, ನಿಶ್ಶಕ್ತಿ ಹೋಗುವುದಿಲ್ಲ. ಅಲ್ಲಿರುವುದು ನಿಕೋಟಿನಿಕ್ ರಿಸೆಪ್ಟರ್.

ಅಂಬಿಕಾ: ಸರಿ. ಕಿಣ್ವವನ್ನೇ ಮತ್ತೆ ಎಬ್ಬಿಸಲು ಪ್ರಾಲಿಡಾಕ್ಸಿಮ್, ಅದೂ ಬೇಗ ಕೊಡಬೇಕು. ತಡವಾದರೆ ವಿಷದ ಬಂಧ ಗಟ್ಟಿಯಾಗಿಬಿಡುತ್ತದೆ. ಅಟ್ರೊಪಿನ್ ಸಾಕಾಯಿತೇ ಎಂದು ಕೇಳಿದರೆ ಕಣ್ಣಿನ ಕಡೆ ಬೆರಳು ತೋರಿಸಬೇಡ. ಎದೆಯಲ್ಲಿ ಕಫದ ಸದ್ದು ಹೋಗಿದೆಯೇ, ನಾಡಿ, ಬಿಪಿ ಸರಿಯಿವೆಯೇ ಎಂದು ನೋಡಬೇಕು. ಎಮರ್ಜೆನ್ಸಿ ವಾರ್ಡಿನಲ್ಲಿ ನಿಂತಾಗ ಇದೇ ಉತ್ತರ ಜೀವ ಉಳಿಸುತ್ತದೆ ವೇಣಿ, ಅಂಕಕ್ಕಾಗಿ ಮಾತ್ರ ಓದಬೇಡ.

ನಾಗವೇಣಿ: ಪಾಪೆಯ ಮಾತು ಬಂತು. ಫಿನೈಲ್‌ಎಫ್ರಿನ್ ಹಾಕಿದರೂ ಅಟ್ರೊಪಿನ್ ಹಾಕಿದರೂ ಅದು ಹಿಗ್ಗುತ್ತದೆ. ವ್ಯತ್ಯಾಸ ಕೇಳಿದರೆ?

ಅಂಬಿಕಾ: ಫಿನೈಲ್‌ಎಫ್ರಿನ್ ಆಲ್ಫಾ-1ರ ಮೂಲಕ ರೇಡಿಯಲ್ ಸ್ನಾಯುವನ್ನು ಎಳೆಯುತ್ತದೆ, ಹತ್ತಿರದ ಅಕ್ಷರ ಓದಬಹುದು. ಅಟ್ರೊಪಿನ್ ಸಿಲಿಯರಿ ಸ್ನಾಯುವನ್ನೂ ಕಟ್ಟಿಹಾಕುವುದರಿಂದ ಓದಲಾಗದು. ಇನ್ನೊಂದು ಉಳಿದಿದೆ, 1906ರಲ್ಲಿ ಹೆನ್ರಿ ಡೇಲ್ ಎರ್ಗಟ್ ಕೊಟ್ಟು ಕಂಡದ್ದು. ಅಡ್ರಿನಲಿನ್ ಕೊಟ್ಟರೆ ಬಿಪಿ ಏರುತ್ತದೆ. ಮೊದಲು ಫೆಂಟೊಲಮಿನ್ ಕೊಟ್ಟಿದ್ದರೆ?

ನಾಗವೇಣಿ: ಆಲ್ಫಾ ಮುಚ್ಚಿತು, ಬೀಟಾ-2 ಉಳಿಯಿತು. ರಕ್ತನಾಳ ಸಡಿಲವಾಗಿ ಬಿಪಿ ಇಳಿಯುತ್ತದೆ.

ಅಂಬಿಕಾ: ಅಡ್ರಿನಲಿನ್ ಬದಲು ನಾರ್‌ಅಡ್ರಿನಲಿನ್ ಕೊಟ್ಟರೆ?

ನಾಗವೇಣಿ: ಬೀಟಾ-2ರ ಮೇಲೆ ಅದರ ಪ್ರಭಾವ ತೀರಾ ಕಡಿಮೆ... ಹಾಗಾಗಿ ಬಿಪಿ ಮೊದಲಿನಷ್ಟು ಏರುವುದಿಲ್ಲ, ಆದರೆ ತಿರುವುಮುರುವಾಗಿ ಇಳಿಯುವುದೂ ಇಲ್ಲ.

ಅಂಬಿಕಾ: ಇದನ್ನು ಯಾವ ಕೋಷ್ಟಕದಿಂದ ಹೇಳಿದೆ? ಹೋಗಿ ಮಲಗು, ಆರು ಗಂಟೆಗೆ ಎಬ್ಬಿಸುತ್ತೇನೆ.