ರಾಗಿ ಮತ್ತು ಸಕ್ಕರೆ ಕಾಯಿಲೆ: ನಾಳಿನ ಮಂಡನೆಗೆ ನನ್ನ ಪ್ರಶ್ನೆಗಳು

ರಾಗಿ ಮುದ್ದೆ ತಿನ್ನುವವರ ರಕ್ತದಲ್ಲಿ ಸಕ್ಕರೆ ಕಡಿಮೆ ಎಂದು ನಿಮ್ಮ ಸಮೀಕ್ಷೆ ಹೇಳುತ್ತದೆ. ಅದರಲ್ಲಿ ಜನರನ್ನು ‘ನಿನ್ನೆ ಏನು ತಿಂದಿರಿ?’ ಎಂದು ಒಂದೇ ದಿನದ ಊಟ ಕೇಳಿದ್ದೀರಿ. ಅದು ಹಬ್ಬದ ಮರುದಿನವಾಗಿದ್ದರೆ? ವಾರದ ಬೇರೆ ಬೇರೆ ದಿನ ಮತ್ತೆ ಕೇಳಿದ್ರಾ?

ಕಾಫಿಗೆ ಹಾಕಿದ ಸಕ್ಕರೆ, ಒಗ್ಗರಣೆ ಎಣ್ಣೆ, ಸಂಜೆಯ ಬೋಂಡಾ ಜನರಿಗೆ ನೆನಪೇ ಇರುವುದಿಲ್ಲ. ಇವನ್ನು ಬೇರೆಯಾಗಿ ವಿಚಾರಿಸಿದ್ರಾ? ‘ಒಂದು ಮುದ್ದೆ’ ಅಂದರೆ ಎಷ್ಟು ಗ್ರಾಂ? ನಮ್ಮ ಮನೆಯ ಮುದ್ದೆಯೇ ದಿನಕ್ಕೊಂದು ಗಾತ್ರ. ಅಳತೆಗೆ ಏನಾದರೂ ತೋರಿಸಿದ್ರಾ? ಗಂಡಸರ ಊಟದ ಲೆಕ್ಕ ಕೊಟ್ಟವರು ಯಾರು, ಅವರೋ ಅಡುಗೆ ಮಾಡಿದವರೋ?

ನನಗೆ ಜಾಸ್ತಿ ಮುಖ್ಯವಾದದ್ದು ಇದು. ಮುದ್ದೆ ತಿನ್ನುವವರಲ್ಲಿ ಹೊಲದಲ್ಲಿ ದುಡಿಯುವವರೇ ಹೆಚ್ಚು, ಅಲ್ವಾ? ಹಾಗಿದ್ದರೆ ಸಕ್ಕರೆ ಇಳಿಸಿದ್ದು ರಾಗಿಯೋ, ಮೈಮುರಿಯುವ ಕೆಲಸವೋ? ವಯಸ್ಸು, ತೂಕ, ಮಾತ್ರೆಗಳನ್ನು ಲೆಕ್ಕಕ್ಕೆ ತಗೊಂಡಿದ್ದೀರಾ? ಕಾಯಿಲೆ ಗೊತ್ತಾದ ಮೇಲೆ ಅನ್ನ ಬಿಟ್ಟು ರಾಗಿಗೆ ಬಂದವರನ್ನು ಯಾವ ಗುಂಪಿಗೆ ಸೇರಿಸಿದ್ದೀರಿ?

ಕೊನೆಯ ಸ್ಲೈಡ್‌ನಲ್ಲಿ ‘ರಾಗಿ ರಾಮಬಾಣ’ ಎಂದಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಒಳ್ಳೆಯದೇ. ಆದರೆ ಅದರಲ್ಲೂ ಪಿಷ್ಟವೇ ಜಾಸ್ತಿ. ಒಂದೇ ಸಲದ ಸಮೀಕ್ಷೆ ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಏನು ಹೇಳುತ್ತೀರಿ? ಆ ಪದವನ್ನು ತೆಗೆಯುತ್ತೀರಾ?