ಸಾರಾಂಶ ಸ್ಕ್ರೀನಿಂಗ್ ಟಿಪ್ಪಣಿ, ಎರಡನೇ ಕಂತು: ವ್ಯಾಯಾಮ ಮತ್ತು ಹಿರಿಯರು ಬೀಳುವುದು

ಪ್ರಶ್ನೆ: ತಮ್ಮ ಮನೆಯಲ್ಲೇ ಇರುವ ಹಿರಿಯರು ವ್ಯಾಯಾಮ ಮಾಡಿದರೆ ಬೀಳುವುದು ಕಡಿಮೆಯಾಗುತ್ತದೆಯೇ?

ಸೇರಿಸಲು: ವಯಸ್ಸು 60 ಅಥವಾ ಹೆಚ್ಚು, ಮನೆಯಲ್ಲಿ ವಾಸ, ವ್ಯಾಯಾಮವೊಂದನ್ನೇ ಪರೀಕ್ಷಿಸಿದ ರ್‍ಯಾಂಡಮ್ ಟ್ರಯಲ್, ಕನಿಷ್ಠ 6 ತಿಂಗಳ ಫಾಲೋಅಪ್.

ಕೈಬಿಡಲು: ಆರೈಕೆ ಕೇಂದ್ರ ಅಥವಾ ಆಸ್ಪತ್ರೆಯಲ್ಲಿರುವವರು, ಪಾರ್ಕಿನ್ಸನ್ ಅಥವಾ ಪಾರ್ಶ್ವವಾಯು ಇರುವವರ ಮೇಲೆ ಮಾತ್ರ ನಡೆದ ಅಧ್ಯಯನ, ವಿಮರ್ಶಾ ಲೇಖನ, ಫಲಿತಾಂಶವಿಲ್ಲದ ಪ್ರೊಟೊಕಾಲ್.

ಸಾರಾಂಶದಲ್ಲಿ ಕಣ್ಣಿಗೆ ಕಾಣುವಂತೆ ಇದ್ದರೆ ಮಾತ್ರ ಕೈಬಿಟ್ಟಿದ್ದೇನೆ. ಅನುಮಾನ ಬಂದದ್ದೆಲ್ಲ ಪೂರ್ಣ ಪಠ್ಯಕ್ಕೆ.

07: ಸೇರಿಸಿದೆ. ತೈ ಚಿ, 12 ತಿಂಗಳು, ಎಲ್ಲ ಷರತ್ತೂ ಸರಿ.

11: ಕೈಬಿಟ್ಟೆ. ಎಲ್ಲರೂ ಆರೈಕೆ ಕೇಂದ್ರದ ನಿವಾಸಿಗಳು.

12: ಕೈಬಿಟ್ಟೆ. ಒಂದೇ ಗುಂಪು, ವ್ಯಾಯಾಮಕ್ಕೆ ಮುಂಚೆ ಮತ್ತು ಆಮೇಲೆ ಅಳೆದಿದ್ದಾರೆ. ಹೋಲಿಸಲು ಕಂಟ್ರೋಲ್ ಗುಂಪೇ ಇಲ್ಲ.

15: ಪೂರ್ಣ ಪಠ್ಯಕ್ಕೆ. ನೀವು ಇದನ್ನು "ಬೀಳುವಿಕೆಯ ಫಲಿತಾಂಶವಿಲ್ಲ" ಎಂದು ಕೈಬಿಟ್ಟಿದ್ದೀರಿ. ಫಲಿತಾಂಶದ ಭಾಗದಲ್ಲಿ ಬರ್ಗ್ ಬ್ಯಾಲೆನ್ಸ್ ಸ್ಕೇಲ್‌ನ ಅಂಕ ಮಾತ್ರ ಇದೆ, ನಿಜ. ಆದರೆ ವಿಧಾನದ ಭಾಗ ಇನ್ನೊಮ್ಮೆ ನೋಡಿ: ಬಿದ್ದಾಗಲೆಲ್ಲ ಬರೆದಿಡಲು ಡೈರಿ ಕೊಟ್ಟಿದ್ದರು ಎಂದಿದೆ. ಅಂದರೆ ಎಣಿಸಿದ್ದಾರೆ, ಸಾರಾಂಶದಲ್ಲಿ ಹೇಳಿಲ್ಲ ಅಷ್ಟೆ. ವ್ಯತ್ಯಾಸ ಕಾಣದೆ ಬಿಟ್ಟಿರಲೂಬಹುದು. ಇಂಥವನ್ನು ನಾವು ತೆಗೆಯುತ್ತಾ ಹೋದರೆ ಒಳ್ಳೆಯ ಫಲ ಸಿಕ್ಕ ಟ್ರಯಲ್‌ಗಳೇ ಜಾಸ್ತಿ ಉಳಿಯುತ್ತವೆ, ವ್ಯಾಯಾಮದ ಪರಿಣಾಮ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಫಲಿತಾಂಶ ವರದಿಯಾಗಿಲ್ಲ ಎಂಬುದೊಂದೇ ಕಾರಣಕ್ಕೆ ಕೈಬಿಡುವುದು ಬೇಡ. ನೀವು ಒಪ್ಪದಿದ್ದರೆ ಮೂರನೆಯವರ ಹತ್ತಿರ ಕೇಳೋಣ.

16: ಕೈಬಿಟ್ಟೆ. ಮೇಲಿನದರಂತೆಯೇ ಕಾಣುತ್ತದೆ, ಆದರೆ ಕಾರಣ ಬೇರೆ. 8 ವಾರಕ್ಕೇ ಅಧ್ಯಯನ ಮುಗಿದಿದೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಫಾಲೋಅಪ್ ಸಾಲದು.

19: ಕೈಬಿಟ್ಟೆ. ವ್ಯಾಯಾಮ, ವಿಟಮಿನ್ ಡಿ, ಮನೆಯ ರಿಪೇರಿ ಮೂರನ್ನೂ ಒಂದೇ ಗುಂಪಿಗೆ ಒಟ್ಟಿಗೆ ಕೊಟ್ಟಿದ್ದಾರೆ. ಯಾವುದರಿಂದ ಏನಾಯಿತು ಎಂದು ಬಿಡಿಸಲು ಆಗುವುದಿಲ್ಲ. ವ್ಯಾಯಾಮ ಮಾತ್ರ ಮಾಡಿದ ಇನ್ನೊಂದು ಗುಂಪು ಇದ್ದಿದ್ದರೆ ಸೇರಿಸುತ್ತಿದ್ದೆ.

22: ಕೈಬಿಟ್ಟೆ. ಪ್ರೊಟೊಕಾಲ್ ಮಾತ್ರ. ನೋಂದಣಿ ಸಂಖ್ಯೆ ಹಿಡಿದು ಫಲಿತಾಂಶದ ಪೇಪರ್ ಬಂದಿದೆಯಾ ಎಂದು ಹುಡುಕಬೇಕು.

24: ಕೈಬಿಟ್ಟೆ. ವಿಮರ್ಶಾ ಲೇಖನ. ಅದರ ಉಲ್ಲೇಖ ಪಟ್ಟಿಯನ್ನು ಮಾತ್ರ ಜಾಲಾಡುತ್ತೇನೆ.

28: ಪೂರ್ಣ ಪಠ್ಯಕ್ಕೆ. ಸರಾಸರಿ ವಯಸ್ಸು 66 ಎಂದಷ್ಟೇ ಇದೆ. 55ರವರೂ ಇರಬಹುದು ಅಲ್ವಾ? ಕನಿಷ್ಠ ವಯಸ್ಸು ಎಷ್ಟಿತ್ತು, 60 ದಾಟಿದವರ ಲೆಕ್ಕ ಬೇರೆ ಕೊಟ್ಟಿದ್ದಾರಾ ಎಂದು ನೋಡಬೇಕು.

31: ಕೈಬಿಟ್ಟಿಲ್ಲ, 07ಕ್ಕೆ ಜೋಡಿಸಿದ್ದೇನೆ. ನೋಂದಣಿ ಸಂಖ್ಯೆ ಒಂದೇ, ಇದು ಅದೇ ಟ್ರಯಲ್‌ನ ಸಮ್ಮೇಳನ ವರದಿ. ಬೇರೆ ಬೇರೆ ಎಣಿಸಿದರೆ ಅದೇ ಜನರನ್ನು ಎರಡು ಸಲ ಲೆಕ್ಕಕ್ಕೆ ಹಿಡಿದಂತಾಗುತ್ತದೆ. ಪ್ರಿಸ್ಮಾ 2020 ಫ್ಲೋ ಚಾರ್ಟ್‌ನಲ್ಲಿ ಅಧ್ಯಯನ ಒಂದು, ವರದಿ ಎರಡು ಎಂದು ತೋರಿಸೋಣ.