ವಿಷಯ: ಇವತ್ತು ನನ್ನ ಕೊನೆಯ ದಿನ, ಎಲ್ಲರಿಗೂ ಥ್ಯಾಂಕ್ಸ್ (ಇಮೇಲ್, ವಿಳಾಸ ಕೆಳಗಿದೆ)

ಎಲ್ಲರಿಗೂ ನಮಸ್ಕಾರ,

ಇವತ್ತು ಸಂಜೆ ಕ್ಯಾಬಿನ್ ಕೀಲಿ, ಗೇಟ್ ಪಾಸ್ ಬುಕ್ಕು, ಕಂಪನಿಯ ಸಿಮ್ ಎಲ್ಲ ಒಪ್ಪಿಸಿ ಹೊರಡುತ್ತಿದ್ದೇನೆ. ಕಾರಣ ಬಹಳಷ್ಟು ಜನರಿಗೆ ಗೊತ್ತೇ ಇದೆ. ಬಾಗಲಕೋಟೆಯಲ್ಲಿ ಅಪ್ಪ ಒಬ್ಬರೇ ಇದ್ದಾರೆ, ಊರಲ್ಲೇ ಒಂದು ಕೆಲಸ ಸಿಕ್ಕಿತು. ಸಂಬಳ ಇಲ್ಲಿಗಿಂತ ಜಾಸ್ತಿ ಏನಲ್ಲ. ಯಾರೋ ಗ್ರೂಪಲ್ಲಿ ‘ಪಾರ್ಟಿ ಯಾವಾಗ’ ಅಂತ ಹಾಕಿದ್ದಾರೆ, ಅದಕ್ಕೇ ಹೇಳಿದೆ.

ಜಿಎಸ್‌ಟಿ ಬಂದ ವರ್ಷ, 2017ರಲ್ಲಿ, ಉದ್ಯಮಬಾಗದ ಈ ಫೌಂಡ್ರಿಗೆ ಡಿಸ್ಪ್ಯಾಚ್ ಕ್ಲರ್ಕ್ ಆಗಿ ಸೇರಿದೆ. ಡಿಸ್ಪ್ಯಾಚ್ ಅಂದರೆ ಸುಮ್ನೆ ಬಿಲ್ ಹರಿದು ಗಾಡಿ ಕಳಿಸುವುದು ಅಂದುಕೊಂಡಿದ್ದೆ. ಇನ್‌ವಾಯ್ಸ್ ಮೇಲೆ ಸಹಿ ನನ್ನದು, ಆದರೆ ಆ ಮಾಲಿನ ಹಿಂದೆ ಎಷ್ಟು ಕೈ ಇರುತ್ತವೆ ಅಂತ ಕೋರ್ ಶಾಪಿಗೂ ಫೆಟ್ಲಿಂಗಿಗೂ ಓಡಾಡಿದ ಮೇಲೆ ಗೊತ್ತಾಯಿತು. ಅರ್ಜೆಂಟ್ ಆರ್ಡರ್ ಇದ್ದ ದಿನ ಫೆಟ್ಲಿಂಗಿನ ಅಣ್ಣಂದಿರು ಊಟದ ಡಬ್ಬಿ ಹಂಗೇ ಇಟ್ಟು ಗ್ರೈಂಡಿಂಗ್ ಮುಗಿಸಿಕೊಟ್ಟಿದ್ದಾರೆ. ಅವರ ಹೆಸರು ಯಾವ ಚಲನ್ ಮೇಲೂ ಬರುವುದಿಲ್ಲ, ಅಲ್ವಾ? ಅದಕ್ಕೇ ಈ ಮೇಲ್‌ನಲ್ಲಿ ಮೊದಲ ಥ್ಯಾಂಕ್ಸ್ ಅವರಿಗೆ. ಮೇಲ್ ನೋಡದವರಿಗೆ ಸೂಪರ್‌ವೈಸರ್ ಸಾಹೇಬ್ರು ದಯವಿಟ್ಟು ಓದಿ ಹೇಳಬೇಕು.

2018ರ ಫೆಬ್ರವರಿ 1 ನೆನಪಿದೆಯಾ? ಈ-ವೇ ಬಿಲ್ ಶುರುವಾದ ದಿನವೇ ಸೈಟ್ ಕೂತುಬಿಟ್ಟಿತು. ಪುಣೆ ಗಾಡಿ ಲೋಡ್ ಆಗಿ ಗೇಟಲ್ಲಿ ನಿಂತಿತ್ತು. ಡ್ರೈವರ್ ಹತ್ತು ನಿಮಿಷಕ್ಕೊಮ್ಮೆ ಕಿಟಕಿಗೆ ಬಂದು ಮರಾಠಿಯಲ್ಲಿ ಬೈತಿದ್ದ, ನಾನು ಪೇಜ್ ರಿಫ್ರೆಶ್ ಮಾಡುತ್ತ ಕೂತಿದ್ದೆ. ಅಕೌಂಟ್ಸಿನ ಶಾಂತಕ್ಕ ಬಂದು ಅವನಿಗೊಂದು ಚಹಾ ಕೊಟ್ಟು, ‘ಸೈಟ್ ದಿಲ್ಲಿಯಾಗ ಬಂದ್ ಐತಿ, ನಮ್ಮ ಹುಡುಗನ್ನ ಯಾಕ ಬೈತಿಯಪಾ’ ಅಂದರು. ಅವನು ಅಲ್ಲಿಗೆ ಸುಮ್ಮನಾದ. ಅಕ್ಕಾ, ಅವತ್ತು ಉಳಿಸಿದಿರಿ.

2019ರ ಆಗಸ್ಟಂತೂ ಮರೆಯುವುದಿಲ್ಲ. ಕೊಲ್ಲಾಪುರದ ಹತ್ತಿರ ಹೆದ್ದಾರಿ ನೀರಲ್ಲಿ ಮುಳುಗಿ, ನಮ್ಮ ಗಾಡಿ ದಾರಿಯಲ್ಲೇ ಸಿಕ್ಕಿಹಾಕಿಕೊಂಡಿತು. ಗಿರಾಕಿ ಫೋನ್ ಒಂದು ಕಡೆ, ಡ್ರೈವರ್ ಮನೆಯವರ ಫೋನ್ ಇನ್ನೊಂದು ಕಡೆ. ಆಗ ಪಾಟೀಲ್ ಸರ್ ಗಿರಾಕಿಗಳ ಫೋನ್ ಎಲ್ಲ ತಾವೇ ತಗೊಂಡರು. ‘ನೀ ಡ್ರೈವರ್ ಮನೀಗೆ ದಿನಾ ಸಂಜೀಕ ಒಂದು ಫೋನ್ ಮಾಡು, ಸಾಕು’ ಅಂದರು. ಒಬ್ಬ ಬಾಸ್ ಹೇಗಿರಬೇಕು ಅಂತ ನಾನು ಅಲ್ಲೇ ಕಲಿತೆ. ಸರ್, ಮುಖದ ಮೇಲೆ ಹೇಳಲು ಆಗುತ್ತಿರಲಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಕ್ವಾಲಿಟಿಯವರ ಜೊತೆ ನನ್ನ ಜಗಳ ಇಡೀ ಫೌಂಡ್ರಿಗೆ ಗೊತ್ತು. ಲೋಡ್ ಆದ ಮೇಲೆ ಬ್ಲೋ ಹೋಲ್ ಸಿಕ್ಕಿತು ಅಂತ ಮಾಲು ಇಳಿಸಿದರೆ ಯಾರಿಗೆ ಸಿಟ್ಟು ಬರಲ್ಲ? ಆದರೂ ಹೇಳುತ್ತೇನೆ, ನೀವು ಇಳಿಸಿದ್ದೇ ಸರಿ. ಪುಣೆಯಿಂದ ರಿಜೆಕ್ಟ್ ಆಗಿ ವಾಪಸ್ ಬಂದರೆ ಎರಡೂ ಕಡೆ ಬಾಡಿಗೆ ನಮ್ಮದೇ.

ನನ್ನ ಟೇಬಲ್ ನಾಳೆಯಿಂದ ಸಂಗಮೇಶ ನೋಡಿಕೊಳ್ಳುತ್ತಾನೆ. ಹುಡುಗ ಚುರುಕಿದ್ದಾನೆ, ಸ್ವಲ್ಪ ನಾಚಿಕೆ ಅಷ್ಟೇ. ಸಂಗಮೇಶಾ, ಇನ್ನೊಮ್ಮೆ ಹೇಳುತ್ತೇನೆ: ಟ್ರಾನ್ಸ್‌ಪೋರ್ಟಿನವರು ಗಾಡಿ ಬದಲಿಸಿದರೆ ಪಾರ್ಟ್ ಬಿ ಅಪ್‌ಡೇಟ್ ಮಾಡದೆ ಗೇಟ್ ದಾಟಿಸಬೇಡ. ‘ದಾರಿಯಲ್ಲಿ ಮಾಡ್ಕೋತೀವಿ’ ಅಂತಾರೆ, ಮಾಡಲ್ಲ. ಮತ್ತೆ ಈ-ವೇ ಬಿಲ್‌ಗೆ 200 ಕಿಲೋಮೀಟರಿಗೆ ಒಂದೇ ದಿನ. ಪುಣೆ ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಅವಧಿ ಮುಗಿಯುವ ಮುಂಚೆಯೇ ಎಚ್ಚರ ವಹಿಸು. ಬಾಕಿ ಇರುವ ಚಲನ್‌ಗಳೆಲ್ಲ ನೀಲಿ ಫೈಲಿನಲ್ಲಿವೆ. ಏನಾದರೂ ಅಡಚಣೆ ಆದರೆ ಎಷ್ಟು ಹೊತ್ತಿಗಾದರೂ ಫೋನ್ ಮಾಡು.

ಕಂಪನಿಯ ಇಮೇಲ್ ಇವತ್ತೇ ಬಂದ್ ಆಗುತ್ತದೆ. ಸ್ವಂತದ ಇಮೇಲ್ ಇದು: manju.hugar@example.com. ನನ್ನ ಸ್ವಂತ ಮೊಬೈಲ್ ನಂಬರನ್ನು ಈಗಷ್ಟೇ ಡಿಸ್ಪ್ಯಾಚ್ ಗ್ರೂಪಿಗೆ ಹಾಕಿದ್ದೇನೆ, ವಾಟ್ಸಾಪ್ ಕೂಡ ಅದರಲ್ಲೇ. ಕಂಪನಿ ಸಿಮ್ ನಂಬರಿಗೆ ಇನ್ನು ಮಾಡಬೇಡಿ, ಅದು ಸಂಗಮೇಶನ ಕೈಯಲ್ಲಿರುತ್ತದೆ. ಗ್ರೂಪಲ್ಲಿ ಇಲ್ಲದವರು ಶಾಂತಕ್ಕನ ಹತ್ತಿರ ಕೇಳಿ.

ಮನೆ ಬಾಗಲಕೋಟೆ ನವನಗರದಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೆಯ ಮನೆ ಹೋದ ಮೇಲೆ ಅಪ್ಪ ಅಲ್ಲಿ ಕಟ್ಟಿಸಿದ್ದು. ಸೆಕ್ಟರ್ ನಂಬರ್ ಹೇಳಿದರೆ ಹೊಸಬರಿಗೆ ಏನೂ ತಿಳಿಯುವುದಿಲ್ಲ, ಎಲ್ಲ ರಸ್ತೆಯೂ ಒಂದೇ ಥರ ಕಾಣುತ್ತವೆ. ನವನಗರ ಬಸ್ ಸ್ಟ್ಯಾಂಡಲ್ಲಿ ಇಳಿದು ಫೋನ್ ಮಾಡಿ, ಬೈಕ್ ತಗೊಂಡು ಬರುತ್ತೇನೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಮೂರೂ ಹತ್ತಿರವೇ. ಮಕ್ಕಳನ್ನು ಕರೆದುಕೊಂಡು ಬಂದರೆ ಊಟ, ವಸತಿ ನಮ್ಮಲ್ಲೇ. ಬಿಸಿ ರೊಟ್ಟಿ, ಎಣ್ಣೆಗಾಯಿ ಗ್ಯಾರಂಟಿ.

ಎಲ್ಲರಿಗೂ ಮತ್ತೊಮ್ಮೆ ಥ್ಯಾಂಕ್ಸ್.

ನಿಮ್ಮ,
ಮಂಜುನಾಥ ಹೂಗಾರ
ಡಿಸ್ಪ್ಯಾಚ್ ವಿಭಾಗ

ತಾ.ಕ.: ಕುಂದಾ ತಂದು ಪ್ಯಾಂಟ್ರಿಯಲ್ಲಿ ಇಟ್ಟಿದ್ದೇನೆ. ಎರಡು ಡಬ್ಬಿ ಇವೆ. ಚೀಟಿ ಅಂಟಿಸಿದ ಡಬ್ಬಿ ಸೆಕೆಂಡ್ ಶಿಫ್ಟಿನವರದು, ಆಫೀಸಿನವರು ಅದಕ್ಕೆ ಕೈ ಹಾಕಬೇಡಿ.